ಫ್ರಿಜ್ ಹಿಂದಿನ ಐಸ್ ಗೋಡೆ: ಕರಗಿಸುವ ಮೊದಲೇ ಪರೀಕ್ಷಿಸಿ

ವಿಜಯಪುರದ ಏಪ್ರಿಲ್ ಬಿಸಿಲು. ನಮ್ಮ ಡಬಲ್ ಡೋರ್ ಫ್ರಿಜ್‌ನಲ್ಲಿಟ್ಟ ಹಾಲು ಸಂಜೆಗೇ ಒಡೆಯತೊಡಗಿತು. ಮೇಲಿನ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗೇ ಇತ್ತು, ಕೆಳಗೆ ಮಾತ್ರ ತಂಪಿಲ್ಲ. ನೋಡಲು ಬಂದ ಮೆಕ್ಯಾನಿಕ್, ‘ಗ್ಯಾಸ್ ಹೋಗೇತ್ರೀ ಅಕ್ಕಾರ, ತುಂಬಬೇಕು’ ಅಂದ. ಗ್ಯಾಸ್ ಹೋಗಿದ್ದರೆ ಮೇಲೆ ಐಸ್ ಹೇಗೆ ಗಟ್ಟಿ ಇರುತ್ತೆ?

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಂಪು ಮಾಡುವ ಕಾಯಿಲ್ ಫ್ರೀಜರ್‌ನ ಹಿಂದಿನ ಹಲಗೆಯ ಮರೆಯಲ್ಲಿರುತ್ತದೆ. ಅಲ್ಲಿನ ತಂಪನ್ನು ಫ್ಯಾನ್ ಕೆಳಗೆ ದೂಡುತ್ತದೆ. ಗಾಳಿಯ ತೇವ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಕೆಲವು ಗಂಟೆಗಳಿಗೊಮ್ಮೆ ಟೈಮರ್ ಕಂಪ್ರೆಸರ್ ನಿಲ್ಲಿಸಿ ಹೀಟರ್ ಹಚ್ಚುತ್ತದೆ, ಹಿಮ ಕರಗಿ ನೀರು ಹಿಂದಿನ ತಟ್ಟೆಗೆ ಇಳಿಯುತ್ತದೆ. ಟೈಮರ್ ಅಥವಾ ಹೀಟರ್ ಕೈಕೊಟ್ಟರೆ ಹಿಮ ಬೆಳೆದು ಗೋಡೆಯಾಗುತ್ತದೆ. ಗಾಳಿಗೆ ದಾರಿಯೇ ಇಲ್ಲ.

ನಾನು ಒಂದು ದಿನ ಫ್ರಿಜ್ ಬಂದ್ ಮಾಡಿ ಬಾಗಿಲು ತೆರೆದಿಟ್ಟೆ. ಐದು ದಿನ ಚೆನ್ನಾಗಿ ನಡೆಯಿತು, ಆರನೇ ದಿನ ಮತ್ತೆ ಅದೇ ಕತೆ. ಈ ಲಕ್ಷಣ ಕಂಡರೆ ಗ್ಯಾಸ್ ಮಾತು ಬಿಟ್ಟುಬಿಡಿ.

ಎರಡನೇ ಸಲ ಮಾತ್ರ ಮೊದಲೇ ಕರಗಿಸಬೇಡಿ. ಹೀಟರ್ ದಾರಿಯಲ್ಲಿ ಬೈಮೆಟಲ್ ಅನ್ನೋ ಪುಟ್ಟ ಸ್ವಿಚ್ ಇರುತ್ತದೆ. ಕಾಯಿಲ್ ಚೆನ್ನಾಗಿ ತಣ್ಣಗಿದ್ದರಷ್ಟೇ ಅದು ಕರೆಂಟ್ ಬಿಡುತ್ತದೆ. ಐಸ್ ಇರುವಾಗಲೇ ಪರೀಕ್ಷೆ ಆಗಬೇಕು.

ಪ್ಲಗ್ ತೆಗೆಯಿರಿ. ಟೈಮರ್ ಕೆಲವು ಮಾಡೆಲ್‌ನಲ್ಲಿ ಕಂಪ್ರೆಸರ್ ಹತ್ತಿರ, ಕೆಲವದರಲ್ಲಿ ಒಳಗೆ ಥರ್ಮೋಸ್ಟಾಟ್ ಡಬ್ಬಿಯಲ್ಲಿರುತ್ತದೆ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಹೊಸ ಫ್ರಿಜ್‌ಗಳಲ್ಲಿ ಈ ಟೈಮರ್ ಇರಲ್ಲ, ಅವಕ್ಕೆ ಈ ವಿಧಾನ ನಡೆಯದು. ಟೈಮರ್‌ನ ಗುಬ್ಬಿಯನ್ನು ಸ್ಕ್ರೂಡ್ರೈವರ್‌ನಿಂದ ಬಲಕ್ಕೆ ನಿಧಾನ ತಿರುಗಿಸಿ. ‘ಟಕ್’ ಅಂದ ಕೂಡಲೇ ನಿಲ್ಲಿಸಿ, ಪ್ಲಗ್ ಹಾಕಿ. ಕಂಪ್ರೆಸರ್ ಸುಮ್ಮನಿರಬೇಕು. ಇನ್ನೂ ಓಡುತ್ತಿದ್ದರೆ ಮತ್ತೆ ಪ್ಲಗ್ ತೆಗೆದು ಇನ್ನೊಂದು ‘ಟಕ್’ ತನಕ ತಿರುಗಿಸಿ.

ಈಗ ಫ್ರೀಜರ್‌ಗೆ ಕಿವಿಗೊಡಿ. ನಮ್ಮಲ್ಲಿ ಹತ್ತು ನಿಮಿಷದಲ್ಲಿ ‘ಚುಯ್’ ಸದ್ದು ಬಂತು, ಬಿಸಿ ತವೆ ಮೇಲೆ ನೀರು ಚಿಮುಕಿಸಿದ ಹಾಗೆ. ಹೀಟರ್ ಸರಿ ಇದೆ, ತಪ್ಪು ಟೈಮರ್‌ದು. ಖಾತ್ರಿಗೆ ಗುಬ್ಬಿಯನ್ನು ಕಂಪ್ರೆಸರ್ ಓಡುವ ಕಡೆಗೆ ತಂದು ಪೆನ್ನಿನಿಂದ ಗುರುತು ಹಾಕಿದೆ. ಮೂರು ಗಂಟೆ ಕಳೆದರೂ ಗುರುತು ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ಒಳಗಿನ ಪುಟ್ಟ ಮೋಟಾರ್ ಸತ್ತಿತ್ತು.

ಸದ್ದೇ ಬರದಿದ್ದರೆ ಹೀಟರ್, ಬೈಮೆಟಲ್, ಅದೇ ದಾರಿಯಲ್ಲಿರುವ ಫ್ಯೂಸ್ ಮೂರರಲ್ಲೊಂದು ಹೋಗಿದೆ. ಪ್ಲಗ್ ತೆಗೆದು ಮಲ್ಟಿಮೀಟರ್ ಹಿಡಿಯಬೇಕು. 150 ವ್ಯಾಟ್ ಹೀಟರ್ ಆದರೆ ಸುಮಾರು 350 ಓಮ್ ತೋರಿಸಬೇಕು. ಬೈಮೆಟಲ್‌ನ್ನು ಬಿಚ್ಚಿ ಕೋಣೆಯ ಸೆಕೆಯಲ್ಲಿ ಅಳೆದು ‘ಕೆಟ್ಟಿದೆ’ ಅನ್ನುವವರು ಬಹಳ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಉಪ್ಪು ಬೆರೆಸಿದ ಐಸಲ್ಲಿ ಹತ್ತು ನಿಮಿಷ ಇಟ್ಟು ಆಮೇಲೆ ಅಳೆಯಿರಿ.

ಹೊಸ ಭಾಗ ಹಾಕುವ ಮುಂಚೆ ಐಸ್ ಪೂರ್ತಿ ಕರಗಬೇಕು. ಪ್ಲಗ್ ತೆಗೆದು, ಬಾಗಿಲು ತೆರೆದು, ಕೆಳಗೆ ಹಳೆ ಬಟ್ಟೆ ಹಾಸಿ ಒಂದು ದಿನ ಬಿಡಿ. ಅವಸರಕ್ಕೆ ಚಾಕು ಹಾಕಬೇಡಿ. ಅಲ್ಯೂಮಿನಿಯಂ ಕೊಳವೆ ತೆಳು, ತೂತಾದರೆ ಆಗ ಗ್ಯಾಸ್ ನಿಜಕ್ಕೂ ಹೋಗುತ್ತದೆ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಅದು ಬೆಂಕಿ ಹತ್ತುವ ಗ್ಯಾಸ್ ಬೇರೆ.