ವಾರ್ಡ್ ಮೀಟಿಂಗಲ್ಲಿ ನಾಲ್ಕು ನಿಮಿಷ: ಕಾಲುಸಂಕದ ಮಾತು ಕೊಡೋದು ಹೇಗೆ

ಗ್ರಾಮ ಪಂಚಾಯ್ತಿ ಎಲೆಕ್ಷನ್ ಬಂತಂದ್ರೆ ತೀರ್ಥಹಳ್ಳಿ, ಹೊಸನಗರ ಕಡೆ ಸಂಜೆ ಯಾರದ್ದಾದ್ರೂ ಅಂಗಳದಲ್ಲಿ ಮೂವತ್ತು ಜನ ಸೇರ್ತಾರೆ, ಕ್ಯಾಂಡಿಡೇಟ್ ಎದ್ದು ನಿಲ್ತಾರೆ. ಪಕ್ಷದ ಚಿಹ್ನೆ ಇಲ್ಲದ ಎಲೆಕ್ಷನ್ ಇದು, ಹಂಗಾಗಿ ಆಡೋ ಮಾತಿಗೆ ಸ್ವಲ್ಪ ತೂಕ ಜಾಸ್ತಿ. ನಾನು ಇಂಥ ಮಾತು ಸುಮಾರು ಜನಕ್ಕೆ ಬರೆದುಕೊಟ್ಟಿದ್ದೀನಿ, ಕಣ್ಣೆದುರಿಗೇ ಕೆಟ್ಟಿದ್ದನ್ನೂ ನೋಡಿದ್ದೀನಿ. ಒಬ್ಬರು ಜೋರಾಗಿ "ಸೇತುವೆ ಮಾಡಿಸ್ತೀನಿ" ಅಂದ್ರು, ಜಗಲಿ ಮೇಲೆ ಕೂತಿದ್ದ ಅಜ್ಜಿ "ಯಾವ ಹಳ್ಳಕ್ಕೆ ಮಾರಾಯ, ನಮ್ಮಲ್ಲಿ ಮೂರು ಹಳ್ಳ ಇದೆ" ಅಂತ ಕೇಳಿದ್ರು, ಅಲ್ಲಿಗೆ ಮುಗೀತು ಭಾಷಣ.

ಅದಕ್ಕೆ ಕಾಲುಸಂಕವನ್ನೇ ಉದಾಹರಣೆಗೆ ತಗೊಳ್ಳೋಣ. ಎರಡು ಕೇರಿ ನಡುವೆ ಹಳ್ಳ, ಅದರ ಮೇಲೆ ಅಡಿಕೆ ಮರದ ದಬ್ಬೆ ಹಾಕಿದ ಸಂಕ, ಮಳೆಗಾಲ ಬಂದ್ರೆ ಮಕ್ಕಳು ಅದರ ಮೇಲೇ ಸ್ಕೂಲಿಗೆ ಹೋಗ್ಬೇಕು.

ಮೊದಲನೇದು, ಹಳ್ಳದ ಹತ್ರ ಹೋಗಿ ನಿಂತ್ಕೊಳಿ. ಟೇಪ್ ಹಿಡಿದು ದಡದಿಂದ ದಡಕ್ಕೆ ಅಳೀರಿ. ನೀರು ಎಷ್ಟು ಏರಿತ್ತು ಅನ್ನೋದು ಬಿದಿರು ಮೆಳೆಗೆ ಸಿಕ್ಕಿಕೊಂಡಿರೋ ಕಸಕಡ್ಡಿ ನೋಡಿದ್ರೆ ಗೊತ್ತಾಗುತ್ತೆ, ಸಂಕ ಅದಕ್ಕಿಂತ ಮೇಲಿರಬೇಕು. ಹಳ್ಳದ ಮಧ್ಯೆ ಕಂಬ ಬರದಿದ್ದ ಹಾಗೆ ಆಗುತ್ತಾ ಅಂತ ಪಂಚಾಯತ್ ರಾಜ್ ಇಂಜಿನಿಯರ್ ಹತ್ರ ಕೇಳಿ, ಯಾಕಂದ್ರೆ ನೆರೆಯಲ್ಲಿ ತೇಲಿ ಬರೋ ಮರದ ದಿಮ್ಮಿ ಕಂಬಕ್ಕೆ ಅಡ್ಡ ಸಿಕ್ಕಿದ್ರೆ ಕಸ ಕಟ್ಟಿ ನೀರು ತಡೆದು ಸಂಕವನ್ನೇ ತಳ್ಳಿಬಿಡುತ್ತೆ. ಆಮೇಲೆ ಎರಡೂ ದಡದ ಪಹಣಿ ತೆಗೆಸಿ. ಇದನ್ನ ಎಲ್ರೂ ಬಿಟ್ಟುಬಿಡ್ತಾರೆ. ನಮ್ಮ ಕಡೆ ಜಾಗ ಹೊಲದ ತರ ಕಂಡ್ರೂ ದಾಖಲೆಯಲ್ಲಿ ಸೊಪ್ಪಿನಬೆಟ್ಟವೋ ಅರಣ್ಯವೋ ಆಗಿರುತ್ತೆ, ಅರಣ್ಯ ಅಂತ ಇದ್ರೆ ಆ ಇಲಾಖೆ ಒಪ್ಪಿಗೆ ಇಲ್ಲದೆ ಕಲ್ಲೂ ಇಡೋಕಾಗಲ್ಲ.

ಎರಡನೇದು ಕ್ರಿಯಾಪದ. ನಗಬೇಡಿ, ಮಾತು ಕೆಡೋದು ಇಲ್ಲೇ. ಕನ್ನಡದಲ್ಲಿ "ಮಾಡ್ತೀನಿ" ಬೇರೆ, "ಮಾಡಿಸ್ತೀನಿ" ಬೇರೆ, "ಕೇಳ್ತೀನಿ" ಬೇರೆ, ಜನಕ್ಕೆ ಇದು ಚೆನ್ನಾಗಿ ಗೊತ್ತು, ಕ್ಯಾಂಡಿಡೇಟ್‌ಗೆ ಮಾತ್ರ ಮೈಕ್ ಹಿಡಿದ ಕೂಡ್ಲೆ ಮರೆತುಹೋಗುತ್ತೆ. ಪಂಚಾಯ್ತಿ ಮೆಂಬರ್ ಕೈಲಿರೋದು ಸಭೆಯಲ್ಲಿ ಒಂದು ವೋಟು ಅಷ್ಟೇ. ಕಾಮಗಾರಿ ಆಗ್ಬೇಕಂದ್ರೆ ವಾರ್ಡ್ ಸಭೆಯಲ್ಲಿ ಬೇಡಿಕೆ ಬರೆಸ್ಬೇಕು, ಅದು ಗ್ರಾಮ ಸಭೆಗೆ ಹೋಗ್ಬೇಕು, ಅಲ್ಲಿಂದ ಕ್ರಿಯಾ ಯೋಜನೆಗೆ ಸೇರ್ಬೇಕು, ಆಮೇಲೆ ಎಸ್ಟಿಮೇಟು, ಟೆಂಡರು. ಹಾಗಾಗಿ ನಾನು ಪ್ರತಿ ಭರವಸೆಯನ್ನೂ ಮೂರು ಡಬ್ಬಿಗೆ ಹಾಕಿಸ್ತೀನಿ. ಅಳತೆ ತೆಗೆಯೋದು, ಅರ್ಜಿ ಬರೆಯೋದು, ಮಳೆಗಾಲಕ್ಕೆ ಮುಂಚೆ ಊರವರನ್ನ ಸೇರಿಸಿ ದಬ್ಬೆ ಬದಲಾಯಿಸಿ ಹಗ್ಗ ಕಟ್ಟೋದು, ಇದು "ಮಾಡ್ತೀನಿ". ಸಂಕವನ್ನ ಕ್ರಿಯಾ ಯೋಜನೆಗೆ ಸೇರಿಸೋದು "ಸೇರಿಸೋಕೆ ಸಭೆಯಲ್ಲಿ ಹಠ ಹಿಡೀತೀನಿ", ಯಾಕಂದ್ರೆ ಉಳಿದ ಮೆಂಬರುಗಳೂ ಒಪ್ಬೇಕಲ್ಲ. ಲೋಕೋಪಯೋಗಿ ಇಲಾಖೆ ರಸ್ತೆಯ ಗುಂಡಿ, ಮೆಸ್ಕಾಂ ಲೈನು, ಇವೆಲ್ಲ "ಹೋಗಿ ಕೇಳ್ತೀನಿ, ಕೊಟ್ಟ ಅರ್ಜಿ ನಂಬರ್ ನಿಮಗೆ ಹೇಳ್ತೀನಿ". ಮೂರನೇ ಡಬ್ಬಿದನ್ನ ಮೊದಲನೇದಕ್ಕೆ ಹಾಕಿದ್ರೋ, ಆರು ತಿಂಗಳಿಗೇ ಬಣ್ಣ ಬಯಲು.

ದುಡ್ಡಿನದ್ದೂ ಇದೇ ಕಥೆ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಪಂಚಾಯ್ತಿಗೆ ಬರೋ ನೂರು ರೂಪಾಯಲ್ಲಿ 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದು, ಸಂಕ ರಸ್ತೆ ಎಲ್ಲ ಉಳಿದ 40ರಲ್ಲೇ ಬರ್ಬೇಕಿತ್ತು. ನೀವು ಮಾತಾಡೋ ವರ್ಷಕ್ಕೆ ಹೇಗಿದೆ ಅಂತ ಪಿಡಿಒ ಹತ್ರ ಕೇಳ್ಕೊಂಡೇ ಬನ್ನಿ. ಸಂಕ, ಜೊತೆಗೆ ಮೂರು ಕಾಂಕ್ರೀಟ್ ರಸ್ತೆ ಅಂತ ಒಂದೇ ಉಸಿರಲ್ಲಿ ಹೇಳೋರು ಈ ಲೆಕ್ಕ ಹಾಕಿರಲ್ಲ.

ಮೂರನೇದು ತಾರೀಕು, ಮಳೆಯಿಂದ ಹಿಂದಕ್ಕೆ ಎಣಿಸಿ. ನಮ್ಮಲ್ಲಿ ಹಳ್ಳದಲ್ಲಿ ಕೆಲಸ ಆಗೋದು ಜನವರಿಯಿಂದ ಮೇ ಒಳಗೆ, ಮೃಗಶಿರಾ ಮಳೆ ಹಿಡೀತು ಅಂದ್ರೆ ಅಡಿಪಾಯದ ಗುಂಡಿ ತುಂಬ ನೀರು. ಹಿಂದಿನ ಎಲೆಕ್ಷನ್ 2020ರ ಡಿಸೆಂಬರ್ 22 ಮತ್ತು 27ಕ್ಕೆ ನಡೀತು. ಅಂಥ ಹೊತ್ತಲ್ಲಿ ಗೆದ್ದವರು ಕೂತ್ಕೊಳ್ಳೋ ಹೊತ್ತಿಗೆ ಆ ಬೇಸಿಗೆ ಅರ್ಧ ಕಳೆದಿರುತ್ತೆ, ಏಪ್ರಿಲ್‌ನಿಂದ ಶುರುವಾಗೋ ವರ್ಷದ ಯೋಜನೆಗೆ ಹೆಸರು ಸೇರಿದ್ರೂ ಕಾಂಕ್ರೀಟ್ ಬೀಳೋದು ಮುಂದಿನ ಬೇಸಿಗೆಗೆ. ಅಂದ್ರೆ ಮೊದಲ ಮಳೆಗಾಲ ದಬ್ಬೆ ಸಂಕವೇ ಗತಿ. ಇದನ್ನ ಬಾಯಿಬಿಟ್ಟು ಹೇಳಿ. ವೋಟು ಹೋಗುತ್ತೆ ಅಂತ ಹೆದರ್ತಾರೆ, ನಾನು ಕಂಡಂತೆ ಹೋಗಲ್ಲ, ಜನ ತಲೆ ಅಲ್ಲಾಡಿಸ್ತಾರೆ, ಯಾಕಂದ್ರೆ ಆ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಈಗ ಬರೀರಿ, ಒಂದು ಹಾಳೆ, ಒಂದೇ ಕೆಲಸ, ಜಾಸ್ತಿ ಅಂದ್ರೆ ಎರಡು. ವಾಟ್ಸಾಪಲ್ಲಿ ಓಡಾಡೋ ರೆಡಿಮೇಡ್ ಭಾಷಣ ಮಾತ್ರ ಬೇಡ, ಒಬ್ಬರು ಅದನ್ನ ಓದ್ತಾ ಓದ್ತಾ ಬೇರೆ ಜಿಲ್ಲೆಯ ಹೊಳೆ ಹೆಸರು ಹೇಳಿಬಿಟ್ರು. ನಾನು ಬರೆಯೋದು ಹೀಗಿರುತ್ತೆ:

"ಅಣ್ಣಂದಿರೇ, ಅಕ್ಕಂದಿರೇ, ಹೆಚ್ಚು ಮಾತಾಡಲ್ಲ. ಮೇಲಿನ ಕೇರಿಗೂ ಕೆಳಗಿನ ಕೇರಿಗೂ ನಡುವೆ ಇರೋ ಹಳ್ಳ ಮೊನ್ನೆ ಅಳೆದೆ, ದಡದಿಂದ ದಡಕ್ಕೆ ಇಪ್ಪತ್ತೆರಡು ಅಡಿ. ಎರಡೂ ಕಡೆ ಪಹಣಿ ತೆಗೆಸಿದೀನಿ, ಅರಣ್ಯ ಅಂತ ಇಲ್ಲ. ಗೆದ್ರೆ ಮೊದಲ ವಾರ್ಡ್ ಸಭೆಯಲ್ಲೇ ಈ ಸಂಕವನ್ನ ಮೊದಲ ಬೇಡಿಕೆಯಾಗಿ ಬರೆಸ್ತೀನಿ, ನೀವು ಬಂದು ಸಹಿ ಹಾಕ್ಬೇಕು. ಕ್ರಿಯಾ ಯೋಜನೆಗೆ ಸೇರ್ಸೋಕೆ ನಂದು ಒಂದೇ ವೋಟು, ಉಳಿದೋರನ್ನ ಒಪ್ಪಿಸೋದು ನನ್ನ ಕೆಲಸ. ಈ ಮಳೆಗಾಲಕ್ಕೆ ಕಾಂಕ್ರೀಟ್ ಸಂಕ ಆಗಲ್ಲ. ಮೇ ತಿಂಗಳಲ್ಲಿ ನಾವೇ ಸೇರಿ ದಬ್ಬೆ ಬದಲಾಯಿಸಿ ಎರಡೂ ಬದಿ ಹಗ್ಗ ಕಟ್ಟೋಣ. ಯೋಜನೆಗೆ ಸೇರಿದ್ರೆ ಮುಂದಿನ ಬೇಸಿಗೆಗೆ ಕೆಲಸ. ಸೇರದಿದ್ರೆ ಯಾಕೆ ಸೇರಲಿಲ್ಲ ಅಂತ ಇದೇ ಅಂಗಳದಲ್ಲಿ ಬಂದು ಹೇಳ್ತೀನಿ."

ನೋಡಿ, "ಮಾದರಿ ಗ್ರಾಮ" ಇಲ್ಲ, "ಸರ್ವಾಂಗೀಣ" ಇಲ್ಲ. ಇಪ್ಪತ್ತೆರಡು ಅಡಿ ಅನ್ನೋದು ಇಲ್ಲಿ ಉದಾಹರಣೆಗೆ, ನೀವು ನಿಮ್ಮ ಹಳ್ಳದ್ದು ಅಳೀರಿ.

ಮನೇಲಿ ಎರಡು ಸಲ ಜೋರಾಗಿ ಓದಿ.

ಜಾಗದ ವಿಷ್ಯ ಒಂದಿದೆ. ದೇವಸ್ಥಾನದ ಅಂಗಳ ಅನುಕೂಲ ಅನ್ಸುತ್ತೆ, ಬೇಡ, ಪೂಜಾಸ್ಥಳದಲ್ಲಿ ಪ್ರಚಾರ ಮಾಡೋದು ನೀತಿ ಸಂಹಿತೆಗೆ ವಿರುದ್ಧ. ಮೈಕಿಗೆ ಪರ್ಮಿಶನ್ ಬೇಕು, ರಾತ್ರಿ ಹತ್ತರ ಮೇಲೆ ಹಚ್ಚೋ ಹಾಗಿಲ್ಲ. ಮೂವತ್ತು ಜನಕ್ಕೆ ಮೈಕ್ ಯಾಕೆ ಅಂತೀನಿ ನಾನು. ಆ ಹೆಗಲಿಗೆ ನೇತುಹಾಕೋ ಅಗ್ಗದ ಸ್ಪೀಕರ್ ಅಂತೂ ಕುಂಯ್ ಅಂತ ಕೂಗಿ, ಎಕೋ ಬಂದು, ಇಪ್ಪತ್ತೆರಡು ಅಡಿ ಎಪ್ಪತ್ತೆರಡು ಅಂತ ಕೇಳ್ಸುತ್ತೆ.

ಮಾತು ಮುಗಿದ ಮೇಲೆ ಓಡಬೇಡಿ. ಯಾರೋ ಒಬ್ರು "ನಮ್ಮ ಮನೆ ರಸ್ತೆ?" ಅಂತ ಕೇಳೇ ಕೇಳ್ತಾರೆ. ಆ ಕ್ಷಣದಲ್ಲಿ "ಅದೂ ಮಾಡೋಣ ಬಿಡಿ ಅಣ್ಣ" ಅನ್ನೋದು ನಾಲಿಗೆ ತುದೀಲಿ ಇರುತ್ತೆ. "ಆ ರಸ್ತೆ ಯಾರ ಲೆಕ್ಕದಲ್ಲಿದೆ ಅಂತ ನಾಳೆ ಪಂಚಾಯ್ತಿಯಲ್ಲಿ ನೋಡಿ ಶನಿವಾರ ನಿಮ್ಮನೆಗೇ ಬಂದು ಹೇಳ್ತೀನಿ" ಅನ್ನಿ, ಹೆಸರು ಬರ್ಕೊಳಿ, ಶನಿವಾರ ಹೋಗಿ.