ಲೋಗೋಫೇಲ್ ಬಂದಾಗ ನನ್ನ ಲ್ಯಾಪ್‌ಟಾಪಿಗೆ ಬಯಾಸ್ ಅಪ್‌ಡೇಟ್ ಬೇಕಿತ್ತಾ?

2023ರ ಡಿಸೆಂಬರಿನಲ್ಲಿ ಲೋಗೋಫೇಲ್ ಸುದ್ದಿ ಬಂತು. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಕಂಪನಿಯ ಲೋಗೋ ಕಾಣುತ್ತದಲ್ಲ, ಆ ಚಿತ್ರ ಓದುವುದು ಯಂತ್ರ ಆನ್ ಆದೊಡನೆ ಚಿಪ್ಪಿನಿಂದ ಓಡುವ ಬಯಾಸ್ ಕೋಡು, ಅದರಲ್ಲೇ ದೋಷಗಳಿದ್ದವು. ಬೇಕೆಂದೇ ಕೆಡಿಸಿದ ಚಿತ್ರವನ್ನು ಲೋಗೋ ಜಾಗದಲ್ಲಿಟ್ಟರೆ ದಾಳಿ ಮಾಡುವವನ ಕೋಡು ಓಡುವಂತಿತ್ತು. ಬೈನಾರ್ಲಿ ಎಂಬ ಸಂಸ್ಥೆಯವರು ಅದನ್ನು ಪತ್ತೆ ಮಾಡಿದ್ದರು. ಆ ಕೋಡು ಇನ್‌ಸೈಡ್, ಎಎಂಐ, ಫೀನಿಕ್ಸ್ ಎಂಬ ಬಯಾಸ್ ತಯಾರಕರಿಂದ ಬರುವುದರಿಂದ ಎಷ್ಟೋ ಬ್ರ್ಯಾಂಡುಗಳಿಗೆ ಒಟ್ಟಿಗೇ ತಲೆನೋವಾಯಿತು.

ನನ್ನದು ಸೆಕೆಂಡ್ ಹ್ಯಾಂಡ್ ಯಂತ್ರ. ಬಯಾಸ್ ಮುಟ್ಟಲು ನನಗೆ ಮೊದಲಿಂದಲೂ ಹಿಂಜರಿಕೆ, ಅರ್ಧದಲ್ಲಿ ಕರೆಂಟ್ ಹೋದರೆ ಕಥೆ ಮುಗಿದಂತೆ. ಹಾಗಾಗಿ ಮೊದಲು ನನ್ನ ಬಳಿ ಇರುವುದು ಏನೆಂದು ಲಿನಕ್ಸಿನಲ್ಲಿ ನೋಡಿಕೊಂಡೆ:

```
cd /sys/class/dmi/id
cat product_name bios_version bios_date
```

ಮುಚ್ಚಳದ ಮೇಲಿನ ಹೆಸರನ್ನು ನಂಬಬೇಡಿ. ನನ್ನ ಗೆಳೆಯನ ಲ್ಯಾಪ್‌ಟಾಪಿನದ್ದೂ ಅದೇ ಹೆಸರು, ಆದರೆ ಅವನದು ಎಎಂಡಿ, ನನ್ನದು ಇಂಟೆಲ್. ಬಯಾಸ್ ಫೈಲೇ ಬೇರೆ. ಲ್ಯಾಪ್‌ಟಾಪ್ ತಯಾರಕರ ಭದ್ರತಾ ಬುಲೆಟಿನ್ನಿನ ಪಟ್ಟಿಯಲ್ಲಿ ಅವನ ಸಾಲಿನ ಮುಂದೆ ‘ತೊಂದರೆ ಇಲ್ಲ’ ಎಂದಿತ್ತು. ನನ್ನ ಸಾಲಿನಲ್ಲಿ ದೋಷ ಸರಿಯಾದ ಕನಿಷ್ಠ ಆವೃತ್ತಿ 1.16. ನನ್ನಲ್ಲಿದ್ದದ್ದು 1.14. ಡೌನ್‌ಲೋಡ್ ಪುಟದಲ್ಲಿ ಆಗಲೇ 1.17 ಇತ್ತು, ಅದರ ಟಿಪ್ಪಣಿಯಲ್ಲಿ ಬರೀ ‘ಭದ್ರತೆ ಹೆಚ್ಚಿಸಲಾಗಿದೆ’ ಎಂಬ ಒಂದೇ ಸಾಲು. ಅದನ್ನಷ್ಟೇ ಓದಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಹೊಸ ಬಯಾಸಿನಲ್ಲಿ ಹಿಂದಿನ ತಿದ್ದುಪಡಿಗಳೂ ಸೇರಿರುವುದರಿಂದ 1.17 ಸಾಕು. ಆದರೆ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇಲ್ಲವೆಂದು ಖುಷಿಪಡಬೇಡಿ. ಹಳೆಯದಾಯಿತೆಂದು ಪರೀಕ್ಷೆ ಮಾಡದೆ ಬಿಟ್ಟಿರಲೂಬಹುದು.

ಆಮೇಲೆ ಅದೇ ಬುಲೆಟಿನ್ನಿನಲ್ಲಿ ‘ಯಾರಿಗೆ ಸಾಧ್ಯ’ ಎಂಬ ಭಾಗ. ದಾಳಿ ಮಾಡುವವನಿಗೆ ಅದೇ ಯಂತ್ರದಲ್ಲಿ ಅಡ್ಮಿನ್ ಹಕ್ಕು ಬೇಕು ಎಂದಿತ್ತು. ಲೋಗೋ ಚಿತ್ರ ಬದಲಾಯಿಸಲು ಡಿಸ್ಕಿನ ಬೂಟ್ ಪಾರ್ಟಿಷನ್ನಿಗೋ ಬಯಾಸ್ ಚಿಪ್ಪಿಗೋ ಬರೆಯಬೇಕಲ್ಲ, ಅದಕ್ಕೆ. ಮೊದಲ ಓದಿಗೆ ‘ಅಡ್ಮಿನ್ ನಾನೇ, ಬಿಡು’ ಅನ್ನಿಸಿತು. ಮತ್ತೆ ಹೊಳೆಯಿತು, ನನಗಿಂತ ಮುಂಚೆ ಈ ಯಂತ್ರಕ್ಕೆ ಇನ್ಯಾರೋ ಅಡ್ಮಿನ್ ಆಗಿದ್ದರು! ಡಿಸ್ಕ್ ಒರೆಸಿ ಲಿನಕ್ಸ್ ಹಾಕಿದ್ದೆ ನಿಜ. ಅದರಿಂದ ಬೂಟ್ ಪಾರ್ಟಿಷನ್ನಿನಲ್ಲಿದ್ದ ಚಿತ್ರ ಹೋಗುತ್ತದೆ, ಚಿಪ್ಪಿನೊಳಗೆ ಬರೆದದ್ದು ಹೋಗುವುದಿಲ್ಲ. ಈ ದೋಷದ ಕೋಡು ಬಯಾಸಿನೊಳಗೇ ಓಡುತ್ತದೆ. ಸಹಿ ಇಲ್ಲದ ಬೂಟ್ ಪ್ರೋಗ್ರಾಮುಗಳನ್ನು ತಡೆಯುವ ಸೆಕ್ಯೂರ್ ಬೂಟ್ ಲೋಗೋ ಚಿತ್ರವನ್ನು ಪರೀಕ್ಷಿಸುವುದಿಲ್ಲ, ಹಾಗಾಗಿ ಅದೂ ತಡೆಯಲಾರದು. ಹೊಸದಾಗಿ ಕೊಂಡು ಒಬ್ಬರೇ ಬಳಸುವ ಯಂತ್ರವಾಗಿದ್ದರೆ ನಾನು ಒಂದೆರಡು ತಿಂಗಳು ಸುಮ್ನೆ ಕಾಯುತ್ತಿದ್ದೆ, ಹೊಸ ಬಯಾಸಿನಲ್ಲಿ ಬೇರೆ ಕಿರಿಕಿರಿ ಇದೆಯಾ ನೋಡೋಣ ಅಂತ. ಇದಕ್ಕೆ ಕಾಯಲಿಲ್ಲ.

ಬ್ಯಾಟರಿ ತುಂಬಿಸಿ, ಚಾರ್ಜರ್ ಸಿಕ್ಕಿಸಿಯೇ 1.17 ಹಾಕಿದೆ. ಪರದೆ ಎರಡು ಸಲ ಕಪ್ಪಾಗಿ ಸುಮಾರು ಹೊತ್ತು ಹಾಗೇ ಇತ್ತು, ಬಟನ್ ಮುಟ್ಟದೆ ಕೂತೆ. ಮತ್ತೆ ಅದೇ ಆದೇಶ ಕೊಟ್ಟಾಗ 1.17 ಬಂತು. ಮೊದಲೇ ಯಾರಾದರೂ ಏನಾದರೂ ಸೇರಿಸಿದ್ದರೆ ಈ ಅಪ್‌ಡೇಟ್ ಅದನ್ನು ತೋರಿಸುವುದಿಲ್ಲ, ಅದು ಗೊತ್ತಿದ್ದೇ ಹಾಕಿದೆ.