180 ಜನ ಹೆಸರು ಕೊಟ್ಟಾರೆ, ಊಟ ಎಷ್ಟು ಜನಕ್ಕೆ ಹೇಳೋದು?

ನಾವು ನಾಲ್ಕೈದು ಜನ ಸೇರ್ಕೊಂಡು ದಾವಣಗೆರೆಯಲ್ಲಿ ಬಿಕಾಂ ಹುಡುಗ್ರಿಗೆ ಭಾನುವಾರ ಫ್ರೀಯಾಗಿ ಎಕ್ಸೆಲ್ ಕಲಿಸ್ತೀವಿ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ, ಮಧ್ಯಾಹ್ನದ ಊಟ ನಮ್ದೇ. ಮೊದಲ ಸಲ ಫಾರಂ ತುಂಬಿದಷ್ಟೂ ಜನಕ್ಕೆ ಪಲಾವ್, ಮೊಸರನ್ನ ಹೇಳಿಬಿಟ್ಟಿದ್ವಿ. ಸಂಜೆ ಪಾತ್ರೆಗಟ್ಟಲೆ ಉಳಿದಿದ್ದು ನೋಡಿ ನಿಜವಾಗ್ಲೂ ಹೊಟ್ಟೆ ಉರೀತು. ಈಗ ನಾಲ್ಕನೇ ಸಲಕ್ಕೆ ಲೆಕ್ಕ ಹೆಂಗೆ ಹಾಕಿದ್ವಿ ಅಂತ ಹೇಳ್ತೀನಿ, ನೀವೂ ಹಾಕಿ ನೋಡ್ರಿ.

ಮೊದಲು ಹಳೇ ಪಟ್ಟಿ ತೆಗೀರಿ. ಬೇಕಾಗಿರೋದು ಹಾಲ್‌ನಲ್ಲಿ ಕೂತವರ ತಲೆ ಎಣಿಕೆ ಅಲ್ಲ, ಯಾವ ಹೆಸರಿನವರು ಬಂದ್ರು ಅನ್ನೋ ಟಿಕ್. ಯಾಕಂದ್ರೆ ಹೆಸರೇ ಕೊಡದೆ ಗೆಳೆಯನ ಜೊತೆ ಬಂದವರೂ ತಲೆ ಎಣಿಕೆಯಲ್ಲಿ ಸೇರ್ಕೊಂಡು, ಕೈಕೊಟ್ಟವರ ಸಂಖ್ಯೆ ಕಮ್ಮಿ ಕಾಣಂಗೆ ಮಾಡ್ತಾರೆ. ಅವರನ್ನ ಬೇರೆ ಬರ್ಕೊಳ್ರಿ. ಒಂದೇ ಫೋನ್ ನಂಬರ್ ಎರಡು ಸಲ ಇದ್ರೆ ಒಂದನ್ನ ಅಳಿಸ್ರಿ.

ಆಮೇಲೆ ಹೆಸರುಗಳನ್ನ ಗುಂಪು ಮಾಡ್ರಿ. ನಮ್ಮಲ್ಲಿ ಮೂರು ಥರದವರು. ಸ್ಟೇಟಸ್ ನೋಡಿ ಎರಡು ಮೂರು ವಾರ ಮೊದಲೇ ಫಾರಂ ತುಂಬಿ ಮರೆತುಬಿಡೋರು 1, ಕೊನೇ ಮೂರು ದಿನದಲ್ಲಿ ತುಂಬೋರು 2, ಕಾಲೇಜಿನ ಮೇಷ್ಟ್ರು ಒಟ್ಟಿಗೆ ಲಿಸ್ಟ್ ಕಳಿಸಿದವರು 3. ಶೀಟ್‌ನಲ್ಲಿ C ಕಾಲಂನಲ್ಲಿ ಗುಂಪಿನ ನಂಬರ್, D ಕಾಲಂನಲ್ಲಿ ಬಂದವರಿಗೆ Y ಹಾಕಿದ್ರೆ ಮೊದಲ ಗುಂಪಿನ ಲೆಕ್ಕ ಹಿಂಗೆ ಸಿಗುತ್ತೆ:

```
=COUNTIFS(C:C,1,D:D,"Y")/COUNTIFS(C:C,1)
```

ಮೂರೂ ಸಲದ ಹೆಸರುಗಳು ಒಂದೇ ಶೀಟ್‌ನಲ್ಲಿ ಇರ್ಲಿ. ಒಂದೊಂದು ಸಲದ್ದು ಬೇರೆ ಬೇರೆ ಪರ್ಸೆಂಟ್ ತೆಗೆದು ಅದರ ಸರಾಸರಿ ಮಾಡಿದ್ರೆ, 10 ಜನ ಇದ್ದ ದಿನಕ್ಕೂ 60 ಜನ ಇದ್ದ ದಿನಕ್ಕೂ ಒಂದೇ ತೂಕ ಬಂದುಬಿಡುತ್ತೆ.

ನಮಗೆ ಬಂದಿದ್ದು ಇಷ್ಟು: ಮೊದಲೇ ತುಂಬಿದ 100 ಜನದಲ್ಲಿ 45 ಜನ ಬಂದಿದ್ರು, ಕೊನೇ ಮೂರು ದಿನದ 60ರಲ್ಲಿ 48 ಜನ, ಕಾಲೇಜು ಲಿಸ್ಟಿನ 75ರಲ್ಲಿ 51 ಜನ. ಎಲ್ಲಾ ಸೇರಿಸಿದ್ರೆ 235ಕ್ಕೆ 144, ಅಂದ್ರೆ ನೂರಕ್ಕೆ 61. ಈ ಸಲದ 180ಕ್ಕೆ ಅದನ್ನೇ ಹಿಡಿದಿದ್ರೆ 110 ಜನ ಅಂತ ಹೇಳಿಬಿಡ್ತಿದ್ವಿ.

ಆದ್ರೆ ಕಾಲೇಜು ಲಿಸ್ಟನ್ನ ಒಂಚೂರು ಬಿಡಿಸಿ ನೋಡ್ರಿ. ಮೂರು ಲಿಸ್ಟ್ ಬಂದಿದ್ವು: 25ಕ್ಕೆ 22, 20ಕ್ಕೆ 4, 30ಕ್ಕೆ 25. ಒಟ್ಟು ನೂರಕ್ಕೆ 68 ಆಗುತ್ತೆ, ಆದ್ರೆ ಯಾವ ಲಿಸ್ಟೂ 68ರ ಹತ್ರಾನೂ ಇಲ್ಲ. ಇವರು ಬಂದ್ರೆ ಒಟ್ಟಿಗೆ ಬರ್ತಾರೆ, ಇಲ್ಲಾಂದ್ರೆ ಒಟ್ಟಿಗೆ ಕೈಕೊಡ್ತಾರೆ. ಒಂದು ಇಂಟರ್ನಲ್ ಟೆಸ್ಟ್, ಒಬ್ಬ ಗೆಳೆಯನ ಅಕ್ಕನ ಮದುವೆ, ಜಗಳೂರಿಂದ ಬರೋ ಬೆಳಗಿನ ಬಸ್ ತಪ್ಪೋದು, ಅಷ್ಟು ಸಾಕು. ಇಂಥ ಗುಂಪಿಗೆ ಸರಾಸರಿ ಹಾಕಬಾರ್ದು, ಎರಡು ಉತ್ತರ ಬರ್ಕೊಂಡು ಫೋನ್ ಮಾಡಬೇಕು.

ಈ ಸಲ ಮೊದಲೇ ತುಂಬಿದವರು 110, ಅವರಿಂದ ಸುಮಾರು 50. ಕೊನೇ ಮೂರು ದಿನದವರು 30, ಅವರಿಂದ 24. ಒಂದೇ ಕಾಲೇಜಿನ 40 ಜನ, ಬಂದ್ರೆ ಹಿಂದೆ ಚೆನ್ನಾಗಿ ಬಂದ ಎರಡು ಲಿಸ್ಟಿನ 55ಕ್ಕೆ 47ರ ಲೆಕ್ಕದಲ್ಲಿ 34, ಇಲ್ಲಾಂದ್ರೆ ಕೈಕೊಟ್ಟ ಲಿಸ್ಟಿನ 20ಕ್ಕೆ 4ರ ಲೆಕ್ಕದಲ್ಲಿ 8. ಅಂದ್ರೆ ಒಂದೋ 108, ಇಲ್ಲಾ 82. ಶನಿವಾರ ಮೇಷ್ಟ್ರಿಗೆ ಫೋನ್ ಹಾಕಿ "ಸರ್, ನಾಳೆ ಹುಡುಗ್ರು ಬರ್ತಾರಲ್ಲ?" ಅಂತ ಕೇಳಿದ್ರೆ, "ಸೋಮವಾರ ಟೆಸ್ಟ್ ಐತೆ ಕಣ್ರಿ, ನಾನು ಹೇಳೀನಿ, ನೋಡೋಣ" ಅಂದ್ರು. "ನೋಡೋಣ" ಅಂದ್ರೆ 8 ಅಂತಾನೇ ಹಿಡ್ಕೊಂಡ್ವಿ. ಹೆಸರು ಕೊಡದೆ ಬರೋರು ಹಿಂದೆ 6, 9, 7 ಜನ ಇದ್ರು, ಅದನ್ನ ಸೇರಿಸಿ ಸುಮಾರು 90.

ಈ 90ನ್ನ ಎಷ್ಟು ನಂಬಬಹುದು? ಅದಕ್ಕೆ ಮೊದಲೆರಡು ಸಲದ ಲೆಕ್ಕ ಮಾತ್ರ ಇಟ್ಕೊಂಡು ಮೂರನೇ ಸಲದ್ದನ್ನ ಊಹೆ ಮಾಡಿ ನೋಡಿದ್ವಿ, ನಿಜವಾಗಿ ಬಂದವರಿಗೂ ಊಹೆಗೂ 10 ಜನದ ವ್ಯತ್ಯಾಸ ಬಂತು. ಒಂದೇ ಸಲದ ಪರೀಕ್ಷೆ ಅದು, ಗಟ್ಟಿ ಅಲ್ಲ, ಆದ್ರೂ 80ರಿಂದ 100 ಅಂತ ಇಟ್ಕೊಂಡ್ವಿ. ಕುರ್ಚಿ ಹೆಚ್ಚಾದ್ರೆ ನಷ್ಟ ಏನಿಲ್ಲ, 100 ಹಾಕಿಸಿದ್ವಿ. ಊಟಕ್ಕೆ 90 ಹೇಳಿ, ಬೆಳಿಗ್ಗೆ 11ಕ್ಕೆ ಇನ್ನೊಂದು 10 ಏರಿಸಬಹುದಾ ಅಂತ ಅಡುಗೆಯವರನ್ನ ಮೊದಲೇ ಕೇಳಿ ಒಪ್ಪಿಸಿದ್ವಿ.

ಬಂದವರು 87. ಮೊದಲೇ ತುಂಬಿದವರು 47, ಕೊನೇ ದಿನದವರು 26, ಕಾಲೇಜಿನವರು 5, ಹೆಸರು ಕೊಡದವರು 9.

ಮುಂದಿನ ಸಲ 50 ರೂಪಾಯಿ ಫೀಸ್ ಇಡೋ ಮಾತು ನಡೀತಾ ಐತೆ. ಇಟ್ರೆ ಈ ಹಳೇ 45, 80 ಯಾವುದೂ ನಡೆಯಲ್ಲ, ದುಡ್ಡು ಕೊಟ್ಟವರು ಬೇರೆ ಥರ ಬರ್ತಾರೆ. ಅವರಿಗೆ 4 ಅಂತ ಹೊಸ ಗುಂಪು ಮಾಡಿ ಖಾಲಿ ಬಿಟ್ಟೀವಿ.